ಎರಡು ಚುಕ್ಕೆ, ಒಂದು ಗೆರೆ

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಎದೆಮಟ್ಟದ ಕಾಂಪೌಂಡ್ ಗೋಡೆಯೊಂದಿದೆ. ಆ ಕಡೆ ಕರಿಬೇವಿನ ಗಿಡ, ಈ ಕಡೆ ನುಗ್ಗೆ ಮರ. ಹಾಗಾಗಿ ಕೊಡುಕೊಳ್ಳುವ ವ್ಯವಹಾರ ಎಂದೂ ನಿಂತಿಲ್ಲ, ಅದರ ನೆಪದಲ್ಲಿ ಮಾತೂ ನಿಂತಿಲ್ಲ. ಪಕ್ಕದ ಮನೆಯವರು ಹೈಸ್ಕೂಲಿನಲ್ಲಿ ಕನ್ನಡ ಟೀಚರು. ನಾನು ಮೂವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿ, ಈಗ ತಿದ್ದಲು ಏನೂ ಸಿಗದೆ ದಿನಸಿ ಅಂಗಡಿಯ ಬೋರ್ಡು ಓದಿಕೊಂಡು ಓಡಾಡುವವನು.

ಮೊನ್ನೆ ಶನಿವಾರ ಸಂಜೆ ಟೀಚರು ಒಂದು ಹೊರೆ ನೋಟ್‌ಬುಕ್ಕು ಇಟ್ಟುಕೊಂಡು ಜಗಲಿಯ ಮೇಲೆ ಕೂತಿದ್ದರು. ಕೈಯಲ್ಲಿ ಕೆಂಪು ಪೆನ್ನು. ಒಂಬತ್ತನೇ ತರಗತಿಯ ಮಕ್ಕಳು ಬರೆದ ಪ್ರವಾಸದ ಪ್ರಬಂಧಗಳಂತೆ. ನಾನು ನುಗ್ಗೆಕಾಯಿ ಕೊಡಲು ಗೋಡೆಯ ಹತ್ತಿರ ಹೋದೆ.

“ಅಂಕಲ್, ಈ ಮಕ್ಕಳ ಕೈಗೆ ಡ್ಯಾಶ್ ಕೊಟ್ಟವರು ಯಾರು ಹೇಳಿ? ಎಲ್ಲಿ ನೋಡಿದ್ರೂ ಒಂದು ಗೆರೆ ಎಳೆದಿದ್ದಾರೆ!”

“ಕೊಟ್ಟೋರು ನೀವೇ ಅಲ್ವಾ ಟೀಚರಮ್ಮ? ಬಿಟ್ಟ ಸ್ಥಳ ತುಂಬಿಸೋವಾಗ ‘ಕರ್ನಾಟಕದ ರಾಜಧಾನಿ ಡ್ಯಾಶ್’ ಅಂತ ಒಂದನೇ ಕ್ಲಾಸಿಂದ ಓದಿ ಹೇಳಿದ್ದು ಯಾರು? ಗೊತ್ತಿಲ್ಲದ ಕಡೆ ಹಾಕೋದೇ ಡ್ಯಾಶ್ ಅಂತ ಮಕ್ಕಳು ತಿಳ್ಕೊಂಡಿವೆ.”

ಅವರು ನಗುತ್ತ ಒಂದು ನೋಟ್‌ಬುಕ್ಕನ್ನು ಗೋಡೆಯ ಮೇಲಿಟ್ಟು, “ಹಾಗಾದ್ರೆ ಇದನ್ನ ನೀವೇ ನೋಡಿ” ಎಂದರು. ಕರಡು ಕಂಡರೆ ನನಗೆ ಕನ್ನಡಕ ತಾನಾಗಿ ಮೂಗಿಗೇರುತ್ತದೆ. ಅಲ್ಲಿದ್ದದ್ದು ಹೀಗೆ:

“ನಾವು ದಿನಾಂಕ:- 12-12-2024 ರಂದು ಬೆಳಿಗ್ಗೆ 6-30 ಕ್ಕೆ ಬಸ್-ನಲ್ಲಿ ಹೊರಟೆವು. ನಾವು ನೋಡಿದ ಸ್ಥಳಗಳು ಯಾವುವೆಂದರೆ:- ಬೇಲೂರು, ಹಳೇಬೀಡು, ಶ್ರವಣಬೆಳಗೊಳ ನೋಡಿದೆವು. ಬೆಟ್ಟದಲ್ಲಿ 600-650 ರವರೆಗೆ ಮೆಟ್ಟಿಲು-ಗಳನ್ನು ಹತ್ತಿದೆವು. ತಂದೆ - ತಾಯಿ ಜೊತೆಗಿಲ್ಲ - ಮೊದಲು ದು:ಖ ಆಯಿತು - ಆಮೇಲೆ ಪುನ: ಸಂತೋಷ ಆಯಿತು.”

“ಹುಡುಗಿ ಚೆನ್ನಾಗಿ ಬರೀತಾಳೆ ಅಂಕಲ್. ಆದ್ರೆ ಈ ಚುಕ್ಕೆ ಗೆರೆಗಳಿಗೆ ಎಷ್ಟು ಅಂಕ ಕಳೆಯೋದು ಅಂತ ತಿಳೀತಿಲ್ಲ.”

“ಅಂಕ ಕಳೀಬೇಡಿ, ಗೆರೆ ಕಳೀರಿ” ಎಂದೆ. ಅಲ್ಲಿಂದ ಶುರುವಾದ ಹರಟೆ ಸೊಳ್ಳೆ ಕಚ್ಚುವ ಹೊತ್ತಿನವರೆಗೂ ನಡೆಯಿತು.

ಮೊದಲು ಕೈಗೆತ್ತಿಕೊಂಡದ್ದು ‘ಯಾವುವೆಂದರೆ:-’ ಎಂಬ ಮೂರು ತಲೆಯ ಪ್ರಾಣಿಯನ್ನು. ನಮ್ಮ ಶಾಲಾ ವ್ಯಾಕರಣದಲ್ಲಿ ಕೋಲನ್ನಿಗೆ ‘ವಿವರಣಾತ್ಮಕ ಚಿಹ್ನೆ’ ಎಂಬ ಗಂಭೀರವಾದ ಹೆಸರಿದೆ. ವಿವರಣೆ ಮುಂದೆ ಬರುತ್ತದೆ ಎಂದು ಸೂಚಿಸುವುದಷ್ಟೇ ಅದರ ಕೆಲಸ. ಆದರೆ ಕನ್ನಡದಲ್ಲಿ ಆ ಕೆಲಸ ಮಾಡಲು ‘ಎಂದರೆ’ ಎಂಬ ಮಾತು ಬಹಳ ಹಿಂದಿನಿಂದಲೂ ಇದೆ. ಓಲೆಗರಿಯ ಕಾಲದಲ್ಲಿ ಪದಗಳ ನಡುವೆ ಜಾಗವನ್ನೇ ಬಿಡುತ್ತಿರಲಿಲ್ಲ. ಒಂದು ಗೀಟು, ಎರಡು ಗೀಟು ಬಿಟ್ಟರೆ ಚಿಹ್ನೆಯ ಮಾತೇ ಇರಲಿಲ್ಲ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಶ್ರೀರಾಂಪುರದಲ್ಲಿ ಅಚ್ಚಾದದ್ದು 1817ರಲ್ಲಿ. ಕೋಲನ್ನು, ಡ್ಯಾಶು, ಹೈಫನ್ನು ಇವೆಲ್ಲ ಅಚ್ಚಿನ ಮೊಳೆಗಳ ಜೊತೆ ನಮ್ಮ ಮನೆಗೆ ಬಂದ ನೆಂಟರು. ಅವು ಬರುವ ಮುಂಚೆ ಕನ್ನಡಿಗರು ಮುಂದೇನು ಬರುತ್ತದೆಂದು ತಿಳಿಯದೆ ಕಂಗಾಲಾಗಿ ಕೂತಿರಲಿಲ್ಲ. ‘ಎಂದು’, ‘ಎಂಬ’, ‘ಎಂದರೆ’, ‘ಅಂದರೆ’ ಎಂಬ ಮಾತುಗಳೇ ಚಿಹ್ನೆಗಳಾಗಿದ್ದವು, ಇವತ್ತಿಗೂ ಆಗಿವೆ.

“ಹಾಗಾದ್ರೆ ಇಲ್ಲಿ ಒಂದೇ ಕೆಲಸಕ್ಕೆ ಮೂರು ಆಳು” ಎಂದರು ಟೀಚರು. “ಎಂದರೆ ಒಬ್ಬ, ಕೋಲನ್ ಒಬ್ಬ, ಡ್ಯಾಶ್ ಒಬ್ಬ.”

“ಮೂವರಿಗೂ ಕೂಲಿ ಕೊಡೋದು ಓದೋನು” ಎಂದೆ.

ಈ ‘:-’ ಜೋಡಿ ಮಕ್ಕಳ ಸ್ವಂತ ಸೃಷ್ಟಿಯೇನಲ್ಲ. ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲೂ ಸರ್ಕಾರಿ ಕಾಗದಗಳಲ್ಲೂ ಅದು ಧಾರಾಳವಾಗಿತ್ತು. ಅಲ್ಲಿ ಅದು ಹಳತಾಗಿ ಮೂಲೆ ಸೇರಿತು. ನಮ್ಮ ಪ್ರಶ್ನೆಪತ್ರಿಕೆ, ಅರ್ಜಿ ಫಾರಂ, ಕರಿಹಲಗೆಗಳಲ್ಲಿ ಮಾತ್ರ ಉಳಿದುಕೊಂಡಿದೆ. ‘ಹೆಸರು:-’, ‘ವಿಷಯ:-’, ‘ಉತ್ತರ:-’ ಎಂದು ನೋಡಿ ನೋಡಿ ಮಕ್ಕಳು ಅದನ್ನು ಒಂದೇ ಅಕ್ಷರವೆಂದು ಭಾವಿಸಿವೆ. ಎರಡು ಚುಕ್ಕೆ ಸಾಕು, ಗೆರೆ ಬೇಡ. ಪಟ್ಟಿಯಲ್ಲಿ, ಅರ್ಜಿಯಲ್ಲಿ ‘ವಿಷಯ: ರಜೆಯ ಕೋರಿಕೆ’ ಎಂದರೆ ಅಚ್ಚುಕಟ್ಟು.

ವಾಕ್ಯದ ಒಳಗೆ ಕೋಲನ್ ಹಾಕಬೇಕಾದರೆ ನಾನು ಹೊಸ ಹುಡುಗರಿಗೆ ಹೇಳಿಕೊಡುತ್ತಿದ್ದ ಒಂದು ಪರೀಕ್ಷೆಯಿದೆ. ಕೋಲನ್ನಿನ ಮುಂದಿನದನ್ನು ಅಂಗೈಯಲ್ಲಿ ಮುಚ್ಚಿ. ಹಿಂದೆ ಉಳಿದದ್ದು ತನ್ನ ಕಾಲ ಮೇಲೆ ನಿಲ್ಲುತ್ತದೆಯೇ ನೋಡಿ. “ನಾವು ಮೂರು ಊರು ನೋಡಿದೆವು: ಬೇಲೂರು, ಹಳೇಬೀಡು, ಶ್ರವಣಬೆಳಗೊಳ.” ಮುಚ್ಚಿದರೂ “ನಾವು ಮೂರು ಊರು ನೋಡಿದೆವು” ಎಂಬುದು ಪೂರ್ತಿ ವಾಕ್ಯ. ಇಲ್ಲಿ ಕೋಲನ್ ಸರಿ. ಹುಡುಗಿಯ ವಾಕ್ಯದಲ್ಲಿ ಮುಚ್ಚಿದರೆ ಉಳಿಯುವುದು “ನಾವು ನೋಡಿದ ಸ್ಥಳಗಳು ಯಾವುವೆಂದರೆ”. ಅದು ಒಂದು ಕಾಲೆತ್ತಿ ನಿಂತಿದೆ, ಇನ್ನೊಂದು ಹೆಜ್ಜೆ ಇಡಲೇಬೇಕು. ಆ ಕಾಲಿಗೆ ಕೋಲನ್ ಹಾಕಿ ತಡೆದರೆ ಮುಗ್ಗರಿಸುತ್ತದೆ.

“ಮುಗ್ಗರಿಸಿದೆ ಕೂಡ” ಎಂದು ಟೀಚರು ವಾಕ್ಯದ ಬಾಲ ತೋರಿಸಿದರು. ಊರುಗಳ ಪಟ್ಟಿ ಮುಗಿದ ಮೇಲೆ ಇನ್ನೊಂದು ಸಲ ‘ನೋಡಿದೆವು’ ಬಂದು ಕೂತಿತ್ತು.

ಇದು ಕನ್ನಡದಲ್ಲೇ ಹುಟ್ಟುವ ತಪ್ಪು. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುವುದು ರೂಢಿ. ಪಟ್ಟಿ ಅದಕ್ಕಿಂತ ಮೊದಲೇ ಸಲೀಸಾಗಿ ಕೂರುತ್ತದೆ: “ಬೇಲೂರು, ಹಳೇಬೀಡು, ಶ್ರವಣಬೆಳಗೊಳ ನೋಡಿದೆವು.” ಇಲ್ಲಿ ಕೋಲನ್ನಿಗೆ ಜಾಗವೂ ಇಲ್ಲ, ಕೆಲಸವೂ ಇಲ್ಲ. ಕೋಲನ್ ಬೇಕೆಂದರೆ ಕ್ರಿಯಾಪದವನ್ನು ಪಟ್ಟಿಯ ಮುಂಚೆಯೇ ಮುಗಿಸಿಬಿಡಬೇಕು. ಮಕ್ಕಳು ಕೋಲನ್ನನ್ನೂ ಹಾಕುತ್ತಾರೆ, ಅಭ್ಯಾಸಬಲದಿಂದ ಕೊನೆಗೆ ಕ್ರಿಯಾಪದವನ್ನೂ ತರುತ್ತಾರೆ. “ಕರ್ನಾಟಕದ ಮುಖ್ಯ ನದಿಗಳು: ಕಾವೇರಿ, ಕೃಷ್ಣಾ, ತುಂಗಭದ್ರಾ ಹರಿಯುತ್ತವೆ” ಎಂಬ ಸಾಲು ನನ್ನ ಕೈಯಲ್ಲಿ ಎಷ್ಟು ಸಲ ಹರಿದುಹೋಗಿದೆಯೋ ಲೆಕ್ಕವಿಲ್ಲ.

ಅಷ್ಟು ಹೊತ್ತಿಗೆ ಒಳಗಿನಿಂದ ನಮ್ಮ ಮನೆಯವಳ ದನಿ ಬಂತು. “ಬರೇ ಮಕ್ಕಳದ್ದೇ ಹೇಳ್ತೀರಲ್ಲ, ಆ ಮದುವೆ ಕತೆ ಹೇಳಿ ಅವ್ರಿಗೆ.”

ಹೇಳದೆ ವಿಧಿಯಿರಲಿಲ್ಲ. ಕೆಲವು ವರ್ಷಗಳ ಹಿಂದೆ ನೆಂಟರೊಬ್ಬರ ಮಗಳ ಮದುವೆ. ಕರೆಯೋಲೆಯಲ್ಲಿ ಮುಹೂರ್ತ ‘ಬೆಳಿಗ್ಗೆ 10-12ಕ್ಕೆ’ ಎಂದಿತ್ತು. ಹತ್ತರಿಂದ ಹನ್ನೆರಡು ಗಂಟೆಯ ನಡುವೆ ಎಂದು ಓದಿಕೊಂಡು, ಇಡ್ಲಿ ತಿಂದು, ಇಸ್ತ್ರಿ ಮಾಡಿದ ಪಂಚೆ ಉಟ್ಟು, ಹನ್ನೊಂದಕ್ಕೆ ಛತ್ರ ತಲುಪಿದೆವು. ಧಾರೆ ಮುಗಿದು ಮುಕ್ಕಾಲು ಗಂಟೆಯಾಗಿತ್ತು. ಮುಹೂರ್ತ ಇದ್ದದ್ದು ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ. ಮೂವತ್ತು ವರ್ಷ ಕರಡು ತಿದ್ದಿದವನಿಗೆ ಒಂದು ಗೆರೆ ಮಾಡಿದ ಸತ್ಕಾರ ಅದು. ಆವತ್ತಿನಿಂದ ಕರೆಯೋಲೆ ಓದುವ ಅಧಿಕಾರ ನಮ್ಮ ಮನೆಯಲ್ಲಿ ನನ್ನ ಕೈತಪ್ಪಿದೆ.

ಎರಡು ಅಂಕಿಗಳ ನಡುವೆ ಗೆರೆ ಎಳೆದರೆ ಓದುಗ ಅದನ್ನು ‘ಇಂದ, ವರೆಗೆ’ ಎಂದು ಓದುತ್ತಾನೆ. 2024-25, ಪುಟ 10-12, 600-650 ಮೆಟ್ಟಿಲು, ಇವೆಲ್ಲ ಹಾಗೆಯೇ. ಗಂಟೆ ನಿಮಿಷಗಳ ನಡುವೆಯೂ ಅದೇ ಗೆರೆ ಬಂದರೆ ಅವನೇನು ಮಾಡಬೇಕು? 6-30 ಎಂದಾಗ ಗೊಂದಲವಿಲ್ಲ, ಮೂವತ್ತು ಗಂಟೆ ಯಾವ ಗಡಿಯಾರದಲ್ಲೂ ಇಲ್ಲ. ನಿಮಿಷದ ಅಂಕಿ ಹನ್ನೆರಡು ದಾಟದಿದ್ದಾಗ ಮಾತ್ರ ಈ ತೊಂದರೆ. ಹತ್ತು ಸಲ ನಡೆದು ಹನ್ನೊಂದನೆಯ ಸಲ ಕೈಕೊಡುವ ಚಿಹ್ನೆಯನ್ನು ನಂಬುವುದೇಕೆ? ಸಮಯಕ್ಕೆ ಕೋಲನ್ ಹಾಕಿದರೆ ಅನುಮಾನವೇ ಇಲ್ಲ: 10:12. ಇದರ ಜೊತೆಗೆ ಹುಡುಗಿ ಮಾಡಿದ ಇನ್ನೊಂದು ತಪ್ಪೂ ಸೇರಿಕೊಳ್ಳುತ್ತದೆ. ‘600-650 ರವರೆಗೆ’ ಎಂದರೆ ಗೆರೆಯೊಳಗೆ ಅಡಗಿರುವ ‘ವರೆಗೆ’ಯನ್ನು ಹೊರಗೂ ಕರೆದಂತೆ. ಅಂಕಿಯಲ್ಲಿ ಗೆರೆ ಹಾಕಿದರೆ ಮಾತು ಬೇಡ, ಮಾತು ಬರೆದರೆ ಗೆರೆ ಬೇಡ.

“ಇದೂ ಆಳುಗಳ ಲೆಕ್ಕವೇ” ಎಂದರು ಟೀಚರು.

“ಎಲ್ಲವೂ ಅದೇ ಲೆಕ್ಕ” ಎಂದೆ.

ಈಗ ಹೈಫನ್ನಿನ ಸರದಿ. ಅಚ್ಚುಮೊಳೆಯ ಕೇಸಿನಲ್ಲಿ ಹೈಫನ್ನಿಗೆ ಒಂದು ಗೂಡು, ಡ್ಯಾಶಿಗೆ ಇನ್ನೊಂದು ಗೂಡು ಇರುತ್ತಿತ್ತು. ಮೊಳೆ ಜೋಡಿಸುವವನ ಬೆರಳಿಗೇ ವ್ಯತ್ಯಾಸ ಗೊತ್ತಾಗುತ್ತಿತ್ತು, ಒಂದು ಗಿಡ್ಡ, ಒಂದು ಉದ್ದ. ಟೈಪ್‌ರೈಟರ್ ಬಂದು ಎರಡನ್ನೂ ಕಳೆಯುವ ಚಿಹ್ನೆಯನ್ನೂ ಸೇರಿಸಿ ಒಂದೇ ಕೀಲಿಗೆ ಕಟ್ಟಿಹಾಕಿತು. ಕಂಪ್ಯೂಟರ್ ಆ ಕೀಲಿಯನ್ನೇ ಪಿತ್ರಾರ್ಜಿತವಾಗಿ ಪಡೆಯಿತು. ಮಕ್ಕಳಿಗೆ ಎರಡೂ ಒಂದೇ ಎನ್ನಿಸಿದರೆ ಅವರ ತಪ್ಪಲ್ಲ. ಆದರೆ ಎರಡರ ಸ್ವಭಾವ ತದ್ವಿರುದ್ಧ. ಹೈಫನ್ ಕೂಡಿಸುತ್ತದೆ, ಡ್ಯಾಶ್ ಬಿಡಿಸುತ್ತದೆ. ಹಾಗಾಗಿ ಹೈಫನ್ನಿನ ಎರಡು ಪಕ್ಕವೂ ಪದಕ್ಕೆ ಅಂಟಿರಬೇಕು, ಡ್ಯಾಶಿನ ಎರಡು ಪಕ್ಕವೂ ಜಾಗವಿದ್ದರೆ ಚೆಂದ. ‘ತಂದೆ - ತಾಯಿ’ ಎಂದು ನಡುವೆ ಜಾಗ ಬಿಟ್ಟು ಗೆರೆ ಎಳೆದರೆ ಗಂಡಹೆಂಡಿರ ಮಧ್ಯೆ ಗೋಡೆ ಎಬ್ಬಿಸಿದ ಹಾಗಾಯಿತು.

ಅಸಲಿಗೆ ‘ತಂದೆತಾಯಿ’ ಎಂಬುದು ದ್ವಂದ್ವಸಮಾಸ, ಯಾವ ಗೆರೆಯೂ ಇಲ್ಲದೆ ಸುಖವಾಗಿರುವ ಜೋಡಿ. ‘ತಂದೆ-ತಾಯಿ’ ಎಂದು ಬರೆಯುವ ರೂಢಿಯೂ ಇದೆ, ಅದನ್ನು ತಪ್ಪೆನ್ನಲಾರೆ. ಒಂದು ಪ್ರಬಂಧದಲ್ಲಿ ಒಂದೇ ರೀತಿ ಇರಲಿ, ಅಷ್ಟೆ. ಹೈಫನ್ ನಿಜವಾಗಿ ದುಡಿಯುವುದು ಎರಡು ಬೇರೆ ಬೇರೆ ಸಂಗತಿಗಳನ್ನು ಜೋಡಿಯಾಗಿ ತೋರಿಸಬೇಕಾದಲ್ಲಿ: ಕನ್ನಡ-ಇಂಗ್ಲಿಷ್ ನಿಘಂಟು, ಬೆಂಗಳೂರು-ಮೈಸೂರು ರೈಲು.

ಅದು ಬೇಡವೇ ಬೇಡದ ಜಾಗವೆಂದರೆ ಪದಕ್ಕೂ ಪ್ರತ್ಯಯಕ್ಕೂ ನಡುವೆ. ‘ಮೆಟ್ಟಿಲು-ಗಳನ್ನು’ ಎಂಬಲ್ಲಿ ಪ್ರತ್ಯಯ ಪದದ ಕೈಕಾಲಿದ್ದ ಹಾಗೆ, ಅದನ್ನು ದಾರ ಕಟ್ಟಿ ಜೋಡಿಸಬೇಕಾಗಿಲ್ಲ.

“ಅದು ಸರಿ ಅಂಕಲ್. ಆದ್ರೆ ‘ಬಸ್-ನಲ್ಲಿ’ ಅಂತ ಯಾಕೆ ಬರೀತಾರೆ ಗೊತ್ತಾ? ಫೋನಲ್ಲಿ ಗೆರೆ ಇಲ್ಲದೆ ಒತ್ತಿದ್ರೆ ‘ಬಸ್ನಲ್ಲಿ’ ಅಂತ ನಕಾರ ಹೋಗಿ ಸಕಾರದ ಕೆಳಗೆ ಒತ್ತು ಕೂತ್ಕೊಳ್ಳತ್ತೆ. ‘ಕಾರ್ನಲ್ಲಿ’ ಅಂದ್ರೆ ಅರ್ಕಾವತ್ತೇ ಬರತ್ತೆ. ಆ ಭಯಕ್ಕೆ ಗೆರೆ ಹಾಕ್ತಾರೆ. ಆಮೇಲೆ ಕೈಯಲ್ಲಿ ಬರೆಯೋವಾಗ್ಲೂ ಅದೇ ಅಭ್ಯಾಸ.”

ಟೀಚರು ಹೇಳಿದ್ದು ನನಗೆ ಹೊಸ ವಿಷಯ. ಮಕ್ಕಳ ಗೆರೆಗೂ ಒಂದು ಕಾರಣವಿತ್ತು. ಅದಕ್ಕೆ ಎರಡು ಪರಿಹಾರವಿದೆ. ಯಂತ್ರದಲ್ಲಿ ಬರೆಯುವವರಿಗೆ ಕಣ್ಣಿಗೆ ಕಾಣದ ಒಂದು ತಡೆಯಕ್ಷರವಿದೆ, ಯೂನಿಕೋಡಿನಲ್ಲಿ ಅದರ ಸಂಖ್ಯೆ U+200C. ಸಕಾರಕ್ಕೂ ನಕಾರಕ್ಕೂ ನಡುವೆ ಅದನ್ನಿಟ್ಟರೆ ‘ಬಸ್‌ನಲ್ಲಿ’ ಎಂದು ನಮಗೆ ಬೇಕಾದ ಹಾಗೆ ನಿಲ್ಲುತ್ತದೆ. ಇನ್ನೊಂದು ಪರಿಹಾರ ನಮ್ಮ ಅಜ್ಜಿಯಂದಿರದು. ಅವರು ಬಸ್ಸನ್ನು ಕನ್ನಡಕ್ಕೆ ಒಗ್ಗಿಸಿಕೊಂಡು ‘ಬಸ್ಸಿನಲ್ಲಿ’, ‘ಕಾರಿನಲ್ಲಿ’ ಎಂದರು. ಸ್ವರ ಬಂದು ಕೂತಮೇಲೆ ಗೆರೆಯ ಹಂಗಿಲ್ಲ, ಯೂನಿಕೋಡಿನ ಹಂಗೂ ಇಲ್ಲ.

ಹೈಫನ್ನಿಗೆ ಇನ್ನೊಂದು ಕೆಲಸ ಸಾಲಿನ ಕೊನೆಯಲ್ಲಿ ಪದ ಒಡೆಯುವುದು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಸ್ಮರಣ ಸಂಚಿಕೆಯ ಕರಡು ನೋಡುತ್ತಿದ್ದೆ. ಪುಟದ ಕಟ್ಟಕಡೆಯ ಸಾಲು ‘ಅಧ್ಯಕ್ಷರು ಸಭಿಕರನ್ನು ಕುರಿ-’ ಎಂದು ಮುಗಿದಿತ್ತು. ‘ತು ಮಾತನಾಡಿದರು’ ಎಂಬುದು ಪುಟ ತಿರುಗಿಸಿದ ಮೇಲಿತ್ತು. ನಾನು ಗಮನಿಸಲಿಲ್ಲ, ಅಧ್ಯಕ್ಷರು ಗಮನಿಸಿದರು. ಆವತ್ತು ಕಲಿತದ್ದು ಇದು: ಅಕ್ಷರದ ಹೊಟ್ಟೆ ಬಗೆಯಬಾರದು, ಒತ್ತನ್ನು ಬೇರ್ಪಡಿಸಬಾರದು, ಸಾಧ್ಯವಾದಷ್ಟು ಪದದ ಕೀಲಿನಲ್ಲೇ ಒಡೆಯಬೇಕು. ‘ಮಹಾ-ನಗರಪಾಲಿಕೆ’ ಎಂದರೆ ಸರಿ, ‘ಮಹಾನ-ಗರಪಾಲಿಕೆ’ ಎಂದರೆ ಪಾಲಿಕೆಗೆ ಗರ ಬಡಿದ ಹಾಗೆ. ಕೈಬರಹದ ಮಕ್ಕಳಿಗಂತೂ ಈ ಪಾಡೇ ಬೇಡ. ಜಾಗ ಸಾಲದಿದ್ದರೆ ಇಡೀ ಪದವನ್ನು ಮುಂದಿನ ಸಾಲಿಗೆ ಒಯ್ದರಾಯಿತು.

“ಸರಿ, ಡ್ಯಾಶಿಗೆ ಏನು ಉಳೀತು ಹಾಗಾದ್ರೆ?” ಎಂದು ಟೀಚರು ಕೇಳಿದರು.

“ಡ್ಯಾಶ್ ಅನ್ನೋದು ಏನಂದ್ರೆ —”

“ಕಾಫಿ ಆರೋಗ್ತಿದೆ!” ಒಳಗಿನಿಂದ ಕೂಗು ಬಂತು.

“ನೋಡಿದ್ರಾ ಟೀಚರಮ್ಮ? ಇದೇ ಡ್ಯಾಶು. ನಾನು ಮಾತು ಮುಗಿಸಿಲ್ಲ, ಇನ್ನೊಬ್ರು ಕತ್ತರಿಸಿದ್ರು. ಅಲ್ಲಿ ಬೀಳಬೇಕಾದ್ದು ಡ್ಯಾಶ್.”

ಮಾತು ಅರ್ಧಕ್ಕೆ ಕತ್ತರಿಸುವುದು ಅದರ ಒಂದು ಕೆಲಸ. ವಾಕ್ಯದ ನಡುವೆ ಪಕ್ಕದ ಮಾತೊಂದನ್ನು ತೂರಿಸುವುದು ಇನ್ನೊಂದು. “ನಮ್ಮ ಡ್ರೈವರ್ — ಅವರಿಗೆ ಅರವತ್ತು ದಾಟಿತ್ತು — ನಮಗಿಂತ ಮೊದಲು ಬೆಟ್ಟ ಹತ್ತಿ ಕೂತಿದ್ದರು.” ಎರಡು ಡ್ಯಾಶುಗಳ ನಡುವಿನದನ್ನು ಎತ್ತಿ ಪಕ್ಕಕ್ಕಿಡಿ. “ನಮ್ಮ ಡ್ರೈವರ್ ನಮಗಿಂತ ಮೊದಲು ಬೆಟ್ಟ ಹತ್ತಿ ಕೂತಿದ್ದರು” ಎಂಬ ವಾಕ್ಯ ಏನೂ ಆಗದವರಂತೆ ನಿಂತಿದೆ. ಇದು ಡ್ಯಾಶಿನ ಪರೀಕ್ಷೆ. ಮಕ್ಕಳು ಬಾಗಿಲು ತೆಗೆಯುತ್ತಾರೆ, ಮುಚ್ಚಲು ಮರೆಯುತ್ತಾರೆ. ಮೊದಲ ಡ್ಯಾಶ್ ಇರುತ್ತದೆ, ಎರಡನೆಯದರ ಜಾಗದಲ್ಲಿ ಕಾಮಾ ಇರುತ್ತದೆ. ಹೊರಗಿನ ಮಾತು ಯಾವುದು ಒಳಗಿನದು ಯಾವುದು ತಿಳಿಯುವುದೇ ಇಲ್ಲ.

ಇಲ್ಲೂ ಕನ್ನಡಕ್ಕೆ ತನ್ನದೇ ಒಂದು ಒಳದಾರಿಯಿದೆ. “ಅರವತ್ತು ದಾಟಿದ ನಮ್ಮ ಡ್ರೈವರ್” ಎಂದರೆ ಡ್ಯಾಶಿನ ಅಗತ್ಯವೇ ಬೀಳುವುದಿಲ್ಲ. ಹಾಗಾದರೆ ಡ್ಯಾಶ್ ಯಾವಾಗ? ಓದುಗ ಒಂದು ಕ್ಷಣ ನಿಂತು ಆ ಅರವತ್ತನ್ನು ನೋಡಿ ಮುಂದೆ ಹೋಗಲಿ ಎಂದು ಬೇಕೆಂದೇ ತಡೆಯುವಾಗ. ಇಡೀ ಪುಟಕ್ಕೆ ಹೀಗೆ ಒಮ್ಮೆ ತಡೆದರೆ ಓದುಗ ನಿಲ್ಲುತ್ತಾನೆ. ಸಾಲುಸಾಲಿಗೂ ತಡೆದರೆ ಎದ್ದು ಹೋಗುತ್ತಾನೆ.

ಹುಡುಗಿಯ ಕೊನೆಯ ವಾಕ್ಯದಲ್ಲಿ ಡ್ಯಾಶುಗಳು ಈ ಯಾವ ಕೆಲಸವನ್ನೂ ಮಾಡುತ್ತಿರಲಿಲ್ಲ. ‘ಎಂದು’ ಎನ್ನಬೇಕಾದಲ್ಲಿ ಒಂದು, ಬರೀ ಕಾಮಾ ಸಾಕಾದಲ್ಲಿ ಇನ್ನೊಂದು. ಬಿಟ್ಟ ಸ್ಥಳದ ಡ್ಯಾಶುಗಳೇ ಅವು, ತುಂಬಬೇಕಾದ ಮಾತು ಹೊಳೆಯದಿದ್ದಾಗ ಎಳೆದ ಗೆರೆಗಳು.

ಉಳಿದದ್ದು ‘ದು:ಖ’. ಇದನ್ನು ಕಂಡು ನನಗೆ ನಿಜವಾಗಲೂ ದುಃಖವಾಯಿತು. ವಿಸರ್ಗ ಎನ್ನುವುದು ಎರಡು ಪುಟ್ಟ ಸೊನ್ನೆ, ಅದಕ್ಕೊಂದು ಉಸಿರಿದೆ. ಕೋಲನ್ ಎರಡು ಚುಕ್ಕೆ, ಅದಕ್ಕೆ ಉಚ್ಚಾರವೇ ಇಲ್ಲ. ಕಣ್ಣಿಗೆ ಅಣ್ಣತಮ್ಮಂದಿರಂತೆ ಕಂಡರೂ ಒಂದು ಅಕ್ಷರಮಾಲೆಯ ಮನೆಯದು, ಇನ್ನೊಂದು ಬಾಡಿಗೆಗೆ ಬಂದದ್ದು. ಕಂಪ್ಯೂಟರಿಗೆ ಇಬ್ಬರ ನಡುವೆ ಯಾವ ಸಂಬಂಧವೂ ಗೊತ್ತಿಲ್ಲ: ಕನ್ನಡದ ವಿಸರ್ಗ U+0C83, ಕೋಲನ್ U+003A. ‘ದು:ಖ’ ಎಂದು ಟೈಪ್ ಮಾಡಿದ ಪುಸ್ತಕದಲ್ಲಿ ‘ದುಃಖ’ ಎಂದು ಹುಡುಕಿ ನೋಡಿ, ಇಡೀ ಪುಸ್ತಕದಲ್ಲಿ ಒಂದು ದುಃಖವೂ ಸಿಗುವುದಿಲ್ಲ. ನುಡಿ ತಂತ್ರಾಂಶದ ಕೀಲಿಮಣೆಯಲ್ಲಿ ದೊಡ್ಡ H ಒತ್ತಿದರೆ ವಿಸರ್ಗ ಬರುತ್ತದೆ. ಅದು ಗೊತ್ತಿಲ್ಲದವರು ಕಣ್ಣಿಗೆ ಕಂಡ ಎರಡು ಚುಕ್ಕೆಯನ್ನು ಒತ್ತಿಬಿಡುತ್ತಾರೆ. ಪುನಃ, ಸ್ವತಃ, ಬಹುಶಃ, ಅಂತಃಕರಣ, ಪ್ರಾತಃಕಾಲ, ಎಲ್ಲಕ್ಕೂ ಇದೇ ಗತಿ.

ಮಾತು ಮುಗಿಯುವ ಹೊತ್ತಿಗೆ ಟೀಚರು ಆ ಪುಟದ ಅಂಚಿನಲ್ಲಿ ಕೆಂಪು ಪೆನ್ನಿನಿಂದ ಹೀಗೆ ಬರೆದಿದ್ದರು:

“ನಾವು 12-12-2024ರಂದು ಬೆಳಿಗ್ಗೆ 6:30ಕ್ಕೆ ಬಸ್ಸಿನಲ್ಲಿ ಹೊರಟೆವು. ಬೇಲೂರು, ಹಳೇಬೀಡು, ಶ್ರವಣಬೆಳಗೊಳ ನೋಡಿದೆವು. ಬೆಟ್ಟದಲ್ಲಿ 600-650 ಮೆಟ್ಟಿಲುಗಳನ್ನು ಹತ್ತಿದೆವು. ತಂದೆತಾಯಿ ಜೊತೆಗಿಲ್ಲವೆಂದು ಮೊದಲು ದುಃಖವಾಯಿತು, ಆಮೇಲೆ ಪುನಃ ಸಂತೋಷವಾಯಿತು.”

ಹುಡುಗಿಯ ಮಾತು ಒಂದೂ ಹಾಳಾಗಿರಲಿಲ್ಲ. ಉಳಿದದ್ದು ಒಂದು ಕೋಲನ್, ತಾರೀಖಿನ ಎರಡು ಗೆರೆ, ಮೆಟ್ಟಿಲಿನ ಒಂದು ಗೆರೆ. ಡ್ಯಾಶ್ ಒಂದೂ ಇಲ್ಲ.

ಕರಿಬೇವು ತೆಗೆದುಕೊಂಡು ಒಳಗೆ ಹೊರಟಿದ್ದೆ. ಟೀಚರು, “ಒಂದ್ನಿಮಿಷ ಅಂಕಲ್” ಎಂದು ಒಳಗಿಂದ ಒಂದು ಕಾಗದ ತಂದು ಗೋಡೆಯ ಮೇಲಿಟ್ಟರು. ಅವರ ತಮ್ಮನ ಮದುವೆಯ ಕರೆಯೋಲೆಯ ಕರಡು. “ಹೇಗೂ ಕನ್ನಡಕ ಹಾಕಿದ್ದೀರಿ, ಇದನ್ನೂ ನೋಡ್ಬಿಡಿ.”

ನೋಡಿದೆ. ‘ಸ್ಥಳಃ’ ಎಂದಿತ್ತು. ಕೋಲನ್ ಇರಬೇಕಾದಲ್ಲಿ ವಿಸರ್ಗ ಕೂತು ಸ್ಥಳ ನಿಟ್ಟುಸಿರು ಬಿಡುತ್ತಿತ್ತು. ಅದರ ಕೆಳಗೆ ‘ಮುಹೂರ್ತ:- ಬೆಳಿಗ್ಗೆ 9-11 ಕ್ಕೆ’.

“ಟೀಚರಮ್ಮ, ಇದು ಒಂಬತ್ತರಿಂದ ಹನ್ನೊಂದಾ, ಒಂಬತ್ತು ಗಂಟೆ ಹನ್ನೊಂದು ನಿಮಿಷವಾ?”

ಅವರು ಕಾಗದವನ್ನು ನೋಡಿದರು, ನನ್ನನ್ನು ನೋಡಿದರು, ಕೆಂಪು ಪೆನ್ನನ್ನು ನೋಡಿದರು. ಆಮೇಲೆ ಪುರೋಹಿತರಿಗೆ ಫೋನ್ ಮಾಡಿದರು.

ಒಂಬತ್ತು ಗಂಟೆ ಹನ್ನೊಂದು ನಿಮಿಷವಂತೆ.